ಹನ್ನೊಂದು ಗಂಟೆಗೇ ಹಾಳಾಗೋ ಪ್ಲಾನು: ಪುಟ್ಟಿಗೆ ಅತ್ತೆ ಬರ್ದಿದ್ದು

ಪುಟ್ಟಿ,

ಮನೆ ಸಮಾಚಾರ ಎಲ್ಲಾ ಅಣ್ಣ ಫೋನಲ್ಲಿ ಹೇಳಿರ್ತಾನೆ, ಅದನ್ನ ಬರೆಯಲ್ಲ. ನಿನ್ನ ಪತ್ರದಲ್ಲಿ ಕೊನೇಲಿ ಒಂದು ಸಾಲು ಇತ್ತಲ್ಲ, "ದಿನಾ ಬೆಳಿಗ್ಗೆ ಟೈಮ್ ಹಾಕ್ಕೊಂಡು ಪ್ಲಾನ್ ಬರೀತೀನಿ ಅತ್ತೆ, ಹನ್ನೊಂದು ಗಂಟೆಗೇ ಹಾಳಾಗತ್ತೆ, ಈ ಕೆಲಸಕ್ಕೆ ನಾನು ಲಾಯಕ್ಕಿಲ್ವೇನೋ" ಅಂತ. ಅದು ಓದಿದಾಗಿಂದ ಮನಸ್ಸಿಗೆ ಸಮಾಧಾನ ಇಲ್ಲ ಕಣಮ್ಮ. ಪಂಚಾಯ್ತಿ ಪಿಡಿಒ ಕೆಲಸ ಕಷ್ಟ ಅಂತ ನೀನು ಹತ್ತು ಸಲ ಹೇಳಿದ್ದೀಯ, ಅದಕ್ಕೆ ನಾನು ಹೆದರಿರ್ಲಿಲ್ಲ. ಲಾಯಕ್ಕಿಲ್ಲ ಅಂದಿದ್ದಕ್ಕೆ ಹೆದರಿಕೆ ಆಯ್ತು. ಪ್ಲಾನ್ ಹಾಳಾಗೋದು ಬೇರೆ, ನೀನು ಲಾಯಕ್ಕಿಲ್ದೆ ಇರೋದು ಬೇರೆ, ಅವೆರಡನ್ನೂ ನೀನು ಯಾವಾಗ ಒಂದು ಮಾಡ್ಕೊಂಡೆ?

ನೀನು ಕಳಿಸಿದ ಡೈರಿ ಫೋಟೋ ದೊಡ್ಡದು ಮಾಡ್ಕೊಂಡು ನೋಡ್ದೆ. ಹತ್ತರಿಂದ ಹನ್ನೆರಡು ಆಡಿಟ್ ಆಕ್ಷೇಪಣೆಗಳಿಗೆ ಉತ್ತರ ಬರೆಯೋ ಅನುಪಾಲನಾ ವರದಿ, ಹನ್ನೆರಡರಿಂದ ಒಂದೂವರೆ ಇ-ಸ್ವತ್ತು, ಊಟ, ಎರಡರಿಂದ ನಾಲ್ಕು ಕಾಮಗಾರಿ ಬಿಲ್ಲು, ನಾಲ್ಕರಿಂದ ಐದೂವರೆ ತೆರಿಗೆ ವಸೂಲಿ. ನೀಟಾಗಿ ಸ್ಕೇಲ್ ಇಟ್ಟು ಗೆರೆ ಎಳ್ದಿದ್ದೀಯ. ಆದ್ರೆ ಪುಟ್ಟಿ, ಇದರಲ್ಲಿ ಜನ ಎಲ್ಲಿ? ಬಾಗೇಪಲ್ಲಿ ಕಡೆ ಹಳ್ಳಿಯೋರು ಬೆಳಿಗ್ಗೆ ಬಸ್ಸಿಗೆ ಬಂದು "ಮೇಡಂ, ಮಾ ಖಾತಾ ಏಮಾಯೆ" ಅಂತ ತೆಲುಗಲ್ಲಿ ಕೇಳ್ಕೊಂಡು ಬಾಗಿಲಲ್ಲಿ ನಿಂತ್ಕೊಳ್ಳೋ ಹೊತ್ತು ಎಲ್ಲಿ? ನೀರಗಂಟಿ ಫೋನ್ ಎಲ್ಲಿ? ತಾಲ್ಲೂಕು ಪಂಚಾಯ್ತಿ ಇಒ ಸಾಹೇಬ್ರು ದಿಢೀರಂತ ಗ್ರೂಪಲ್ಲಿ ಹಾಕೋ ವಿಡಿಯೋ ಕಾನ್ಫರೆನ್ಸು, ಆ ವಿಸಿ ಎಲ್ಲಿ? ದಿನಾ ಬರೋದು ಅಂತ ನಿಂಗೇ ಗೊತ್ತಿರೋ ಕೆಲಸಕ್ಕೆ ಒಂದು ನಿಮಿಷನೂ ಇಟ್ಟಿಲ್ಲ. ಇದನ್ನ ಯಾರ ಕೈಗೆ ಕೊಟ್ರೂ ಹನ್ನೊಂದು ಗಂಟೆಗೆ ಹಾಳಾಗತ್ತೆ, ಅಷ್ಟಕ್ಕೇ ಲಾಯಕ್ಕಿಲ್ಲ ಅಂತ ಬರ್ಕೊಂಡ್ಯಲ್ಲ ಅಂತ ನಂಗೆ ಸಂಕಟ.

ನಾನು ಹೆಡ್ ಮಿಸ್ ಆಗಿದ್ದಾಗ ನಂದೂ ಇದೇ ಪಾಡು. ಎಂಟನೇ ಕ್ಲಾಸಿಗೆ ಗಣಿತ ತಗೋಬೇಕು ಅಂತ ಚಾಕ್‌ಪೀಸ್ ಹಿಡ್ಕೊಂಡು ಏಳೋ ಹೊತ್ತಿಗೆ ಮೇಲಿಂದ ಫೋನು, ತುರ್ತು ಮಾಹಿತಿ, ಮಧ್ಯಾಹ್ನದೊಳಗೆ ಕಳಿಸಿ. ಬಿಸಿಯೂಟದ ಗ್ಯಾಸ್ ಖಾಲಿ. ಯಾವುದೋ ಮಗುಗೆ ಜ್ವರ, ಅವರಪ್ಪನ್ನ ಕರೆಸ್ಬೇಕು. ಸ್ಕೂಲಲ್ಲಿ ಮುಗೀದೇ ಇದ್ದ ರಿಜಿಸ್ಟರ್‌ಗಳನ್ನ ಚೀಲದಲ್ಲಿ ಹಾಕ್ಕೊಂಡು ಶಿಡ್ಲಘಟ್ಟಕ್ಕೆ ಬಂದು ರಾತ್ರಿ ಅಡುಗೆಮನೆ ಲೈಟಲ್ಲಿ ಬರೀತಿದ್ದೆ. ನಿಮ್ಮಜ್ಜಿ ಆ ಕಡೆ ರೂಮಿಂದ "ಬಾರೇ, ಸ್ವಲ್ಪ ಹೊತ್ತು ಕೂತ್ಕೊ" ಅಂತಿದ್ರು, ಬಂದೆ ಬಂದೆ ಅಂತಿದ್ದೆ. ಅಮ್ಮನ ಕಡೇ ವರ್ಷಗಳ ವಿಚಾರ ನಿಂಗೆ ಗೊತ್ತಿರೋದೇ. ಆ ರಿಜಿಸ್ಟರ್‌ಗಳು ಈಗ ಯಾವ ಬೀರೂಲಿ ಇದಾವೋ, ಇದಾವೋ ಇಲ್ವೋ. ನೀನು ಫೈಲ್ ಮನೆಗೆ ತರೋಕೆ ಶುರು ಮಾಡಿದ್ದೀನಿ ಅಂತ ಬರ್ದಿದ್ದೀಯಲ್ಲ, ಅದಕ್ಕೇ ಇಷ್ಟುದ್ದ ಬರೀತಾ ಇರೋದು.

ನಂಗೆ ತಿಳಿದಿದ್ದು ಹೇಳ್ತೀನಿ, ನಿಮ್ಮ ಆಫೀಸಿಗೆ ಹೊಂದತ್ತೋ ಇಲ್ವೋ ನೀನೇ ನೋಡ್ಕೊ.

ಮೊದಲನೇ ವಾರ ಪ್ಲಾನೇ ಹಾಕ್ಬೇಡ. ಒಂದು ಚಿಕ್ಕ ನೋಟ್‌ಬುಕ್ ಟೇಬಲ್ ಮೇಲಿಟ್ಟು, ಯಾರು ಬಂದ್ರು, ಎಷ್ಟು ಹೊತ್ತಿಗೆ, ಎಷ್ಟು ನಿಮಿಷ ಹೋಯ್ತು, ಅದು ಮಧ್ಯಾಹ್ನ ಮೂರು ಗಂಟೆ ತನಕ ಕಾಯ್ತಿತ್ತಾ, ಇಷ್ಟು ಮಾತ್ರ ಬರಿ. ವಾರ ಕಳೆದ ಮೇಲೆ ನೋಡಿದ್ರೆ ನಿಂಗೇ ಕಾಣ್ಸತ್ತೆ, ಜನ ಯಾವ ಬಸ್ಸಿನ ಹೊತ್ತಿಗೆ ಬರ್ತಾರೆ, ವಿಸಿ ಮೆಸೇಜು ಸಾಮಾನ್ಯ ಯಾವಾಗ ಬೀಳತ್ತೆ, ಯಾವ ಹೊತ್ತು ತಣ್ಣಗಿರತ್ತೆ ಅಂತ. ಆ ತಣ್ಣಗಿರೋ ಹೊತ್ತಲ್ಲೇ ಕೂತು ಮಾಡೋ ಕೆಲಸ ಇಡ್ಬೇಕು. ಇದನ್ನ ಬಿಟ್ಟು ಸುಮ್ನೆ ಹತ್ತರಿಂದ ಹನ್ನೆರಡು ಅಂತ ಗೆರೆ ಎಳೆದ್ರೆ, ನಿಂಗೆ ಬೇಕಾದ ಹೊತ್ತು ಬರ್ಕೊಂಡಂಗೆ ಆಗತ್ತೆ, ನಿಂಗೆ ಸಿಗೋ ಹೊತ್ತು ಅದಾಗಿರಲ್ಲ.

ಆಮೇಲೆ ದಿನ ಪೂರ್ತಿ ತುಂಬಿಸ್ಬೇಡ. ಹತ್ತರಿಂದ ಐದೂವರೆ ಅಂದ್ರೆ ಏಳೂವರೆ ಗಂಟೆ, ಊಟಕ್ಕೆ ಮುಕ್ಕಾಲು ಗಂಟೆ ಹೋದ್ರೆ ಆರು ಮುಕ್ಕಾಲು. ಅದರಲ್ಲಿ ಹೆಚ್ಚು ಅಂದ್ರೆ ಮೂರು ಗಂಟೆ ಕೂತು ಮಾಡೋ ಕೆಲಸಕ್ಕೆ ಕಟ್ಟಿಡು, ಮಿಕ್ಕಿದ್ದೆಲ್ಲ ಬರೋರಿಗೆ. ಮದುವೆಮನೇಲಿ ಕರೆದೋರಷ್ಟಕ್ಕೇ ಅಕ್ಕಿ ಹಾಕ್ತೀವಾ? ಕೂತು ಮಾಡೋ ಕೆಲಸನೂ ಎರಡೆರಡು ಗಂಟೆ ಒಟ್ಟಿಗೆ ಬೇಡ, ಮುಕ್ಕಾಲು ಗಂಟೆ ಸಾಕು, ನಿಮ್ಮಂಥ ಆಫೀಸಲ್ಲಿ ಎರಡು ಗಂಟೆ ಯಾರೂ ಬಿಡಲ್ಲ, ಮುಕ್ಕಾಲು ಗಂಟೆ ಹೆಂಗೋ ಸಿಗತ್ತೆ. ಮುಖ್ಯವಾದ ಒಂದು ಕೆಲಸಕ್ಕೆ ಮಾತ್ರ ದಿನದಲ್ಲಿ ಎರಡು ಜಾಗ ಇಡು, ಒಂದು ಅಸಲು, ಒಂದು ಬದಲಿ. ಅಸಲಿನ ಹೊತ್ತು ವಿಸಿ ತಿಂದ್ರೆ "ಟೈಮ್ ಸಿಕ್ಕಾಗ ಮಾಡ್ತೀನಿ" ಅಂತ ಬಿಡಬಾರದು, ಆ ಟೈಮು ರಾತ್ರಿ ಮನೇಲೇ ಸಿಗೋದು, ಅದೇ ನಂಗಾಗಿದ್ದು.

ಬಾಯಲ್ಲಿ ಹೇಳಿದ್ರೆ ಅರ್ಥ ಆಗಲ್ಲ, ನೀನು ಹೇಳಿದ ಆ ಮಂಗಳವಾರನೇ ತಗೋ. ಪ್ಲಾನ್ ಹಿಂಗಿತ್ತು ಅಂತ ಇಟ್ಕೊ: ಹತ್ತರಿಂದ ಹತ್ತೂ ಮುಕ್ಕಾಲು ಅನುಪಾಲನಾ ವರದಿ, ಅದೂ ಬರೀ ಮೂರನೇ ಪ್ಯಾರಾ. ಆಮೇಲೆ ಒಂದೂವರೆ ತನಕ ಜನ, ಫೋನು, ಸಹಿ. ಎರಡೂ ಕಾಲಕ್ಕೆ ಊಟ ಮುಗ್ಸಿ ಮೂರು ಗಂಟೆ ತನಕ ಇ-ಸ್ವತ್ತಿನ ಖಾತೆ ಫೈಲುಗಳು, ಅದೇ ನಮೂನೆ 9 ಮತ್ತು 11ರವು, ಆಮೇಲೆ ಅರ್ಧ ಗಂಟೆ ಖಾಲಿ. ಮೂರೂವರೆಯಿಂದ ನಾಲ್ಕೂ ಕಾಲು ವರದಿಗೆ ಬದಲಿ ಜಾಗ. ಅಲ್ಲಿಂದ ಮುಂದೆ ಖಾಲಿ, ಕೊನೇ ಕಾಲು ಗಂಟೆ ನಾಳೆದು ಬರೆಯೋಕೆ.

ಹತ್ತೂ ಇಪ್ಪತ್ತಕ್ಕೆ ನೀರಗಂಟಿ ಫೋನು, ಮೋಟ್ರು ಸುಟ್ಟೋಗಿದೆ. ಇದು ಕಾಯೋ ಕೆಲಸ ಅಲ್ಲ, ಊರಿಗೆ ನೀರಿಲ್ಲ, ಏಳಲೇಬೇಕು. ಏಳೋ ಮುಂಚೆ ಅರ್ಧ ನಿಮಿಷ ಕೂತು ಹಾಳೆ ಅಂಚಲ್ಲಿ ಒಂದು ಸಾಲು ಬರಿ: "ಪ್ಯಾರಾ 3, ವೋಚರ್ ಸಿಕ್ತು, ಇನ್ನು ಕಾಮಗಾರಿ ಅಳತೆಯ ಎಂಬಿ ಬುಕ್ ಪುಟ ನೋಡಿ ಮೊತ್ತ ತಾಳೆ ಹಾಕ್ಬೇಕು." ವಾಪಸ್ ಬಂದಾಗ ಎಲ್ಲಿದ್ದೆ ಅಂತ ತಡಕಾಡೋದ್ರಲ್ಲೇ ನಿನ್ನ ಹೊತ್ತು ಹೋಗ್ತಾ ಇರೋದು, ಇಡೀ ಫೈಲು ಮೊದಲಿಂದ ತಿರುವಿ ಹಾಕ್ತೀನಿ ಅಂತ ನೀನೇ ಬರ್ದಿದ್ದೀಯ. ಈ ಒಂದು ಸಾಲು ಇದ್ರೆ ಅಲ್ಲಿಂದಲೇ ಹಿಡೀಬಹುದು, ವಿಸಿಲಿ ಕೂತಾಗ್ಲೂ ಆ ಫೈಲು ತಲೇಲಿ ಕೊರೀತಾ ಇರಲ್ಲ.

ಹನ್ನೊಂದೂ ಕಾಲಕ್ಕೆ ಗ್ರೂಪಲ್ಲಿ ಮೆಸೇಜು, ಹನ್ನೆರಡಕ್ಕೆ ವಿಸಿ, ಪ್ರಗತಿ ವಿವರದೊಂದಿಗೆ ಹಾಜರಿರತಕ್ಕದ್ದು. ಅದು ಮುಗಿಯೋ ಹೊತ್ತಿಗೆ ಎರಡು ಗಂಟೆ. ಇಲ್ಲೇ ನೀನು ಡೈರಿ ಮುಚ್ಚಿಟ್ಟು "ಇವತ್ತು ಹೋಯ್ತು" ಅಂದಿದ್ದು. ಮುಚ್ಚಬೇಡ. ಹಳೇ ಪ್ಲಾನ್ ಮೇಲೆ ಒಂದು ಗೆರೆ ಹೊಡ್ದು, ಪಕ್ಕದಲ್ಲೇ ಮಿಕ್ಕಿರೋ ಹೊತ್ತಿಗೆ ಮಾತ್ರ ಹೊಸದಾಗಿ ಬರಿ. ಊಟ ಮುಗ್ಸಿ ಎರಡೂ ಮುಕ್ಕಾಲರಿಂದ ಮೂರೂವರೆ ಖಾತೆ ಫೈಲು, ಎಲ್ಲಾ ಅಲ್ಲ, ಮೊದಲು ಬಂದ ಅರ್ಜಿಗಳು. ಮೂರೂವರೆಯಿಂದ ವರದಿಯ ಪ್ಯಾರಾ. ನಾಲ್ಕೂ ಕಾಲರಿಂದ ಬೆಳಿಗ್ಗೆಯಿಂದ ಕಾಯ್ತಾ ಇರೋ ಜನ. ಉಳಿದ ಫೈಲುಗಳು ನಾಳೆಗೆ, ಯಾವ ಹೊತ್ತಿಗೆ ಅಂತಾನೂ ಬರಿ. ಪುಟದಲ್ಲಿ ಹೊಡೆದ ಗೆರೆ ಇದ್ರೆ ಅವಮಾನ ಅನ್ಕೋಬೇಡಮ್ಮ, ಆ ಗೆರೆ ಮೋಟ್ರು ಸುಟ್ಟಿದ್ದರ ಲೆಕ್ಕ, ವಿಸಿ ಆಗಿದ್ದರ ಲೆಕ್ಕ. ನಿನ್ನ ಲಾಯಕ್ಕಿನ ಲೆಕ್ಕ ಅದರಲ್ಲಿಲ್ಲ.

ಒಂದೇ ಹೊತ್ತಿನ ಕೆಲಸ ಮೇಲಿಂದ ಮೇಲೆ ಮೂರು ದಿನ ಮುರಿದು ಬಿದ್ರೆ ಆ ಜಾಗ ಸರಿ ಇಲ್ಲ ಅಂತ ತಿಳ್ಕೊ, ಬೇರೆ ಹೊತ್ತಿಗೆ ಸರಿಸು. ಬದಲಿ ಜಾಗದಲ್ಲೂ ಮುಗೀತಿಲ್ಲ ಅಂದ್ರೆ ಕೆಲಸದ ತುಂಡು ದೊಡ್ಡದಾಯ್ತು ಅಂತ ಅರ್ಥ, ಒಂದು ಪ್ಯಾರಾನ ಅರ್ಧ ಮಾಡು. ಇವತ್ತು ವೋಚರ್ ಹುಡುಕೋದು, ನಾಳೆ ಬರೆಯೋದು.

ಜನರ ವಿಷಯ ಹೇಳೋಕೆ ನಂಗೆ ಅಳುಕು, ಯಾಕಂದ್ರೆ ಬಂದೋರನ್ನ ವಾಪಸ್ ಕಳಿಸು ಅಂತ ನಾನು ಯಾವತ್ತೂ ಹೇಳೋಳಲ್ಲ. ಕೂಲಿ ಬಿಟ್ಟು ಬಂದಿರ್ತಾರೆ. ಆದ್ರೆ ಬೆಳಿಗ್ಗೆ ಆ ಮುಕ್ಕಾಲು ಗಂಟೆ ಮಾತ್ರ ಬಿಲ್ ಕಲೆಕ್ಟರ್‌ಗೋ ಡಾಟಾ ಎಂಟ್ರಿ ಹುಡುಗನಿಗೋ ಹೇಳು, ಹೆಸರು ಬರ್ಕೊಂಡು ಅರ್ಜಿ ನೋಡಿ ಯಾವ ದಾಖಲೆ ಕಮ್ಮಿ ಇದೆ ಅಂತ ಗುರುತು ಹಾಕಿಡ್ಲಿ. ನೀನು ಹತ್ತೂ ಮುಕ್ಕಾಲಕ್ಕೆ ಕರೆದಾಗ ಅವರ ಕೆಲಸಾನೂ ಬೇಗ ಆಗತ್ತೆ. ಅಧ್ಯಕ್ಷರಿಗೂ ಒಂದು ಮಾತು ಮೊದಲೇ ಹೇಳಿಡು, ಇಲ್ಲಾಂದ್ರೆ ಅವರು ನೇರ ಒಳಗೆ ಬಂದು ಕೂತ್ಕೋತಾರೆ, ಆಗ ನೀನು ಏನೂ ಮಾಡಕ್ಕಾಗಲ್ಲ. ಗ್ರಾಮಸಭೆ, ಜಮಾಬಂದಿ ಇರೋ ದಿನ ಇದ್ಯಾವುದೂ ನಡೆಯಲ್ಲ, ಅವತ್ತು ಏನೂ ಕಟ್ಟಿಡ್ಲೇಬೇಡ.

ನಿನ್ನ ಪತ್ರದ ವಿಷಯ ಮಗನ ಹತ್ರ ಹೇಳ್ದಾಗ ಅವನೊಂದು ಹೇಳ್ದ. ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಗ್ಲೋರಿಯಾ ಮಾರ್ಕ್ ಅನ್ನೋರು ಇನ್ನಿಬ್ಬರ ಜೊತೆ ಸೇರಿ ಮಾಡಿದ ಪ್ರಯೋಗ ಅಂತೆ, 2008ರದ್ದು. ಮಧ್ಯೆ ಮಧ್ಯೆ ಅಡ್ಡಿ ಆದ ಜನ ಕೆಲಸನ ಇನ್ನೂ ಬೇಗಾನೇ ಮುಗಿಸಿದ್ರಂತೆ, ಆದ್ರೆ ಅವರಿಗೆ ಒತ್ತಡ, ಅವಸರ, ಸಿಡಿಮಿಡಿ ಜಾಸ್ತಿ ಆಗಿತ್ತಂತೆ. ಕೇಳಿ ನಂಗೆ ನೀನೇ ಕಣ್ಮುಂದೆ ಬಂದೆ. ಓಡ್ಕೊಂಡು ಓಡ್ಕೊಂಡು ಎಲ್ಲಾ ಮಾಡಿರ್ತೀಯ, ಸಂಜೆ ಹೊತ್ತಿಗೆ ಸುಸ್ತಾಗಿ ಏನೂ ಮಾಡಿಲ್ಲ ಅನ್ಸತ್ತೆ, ಆ ಸುಸ್ತಲ್ಲೇ ಲಾಯಕ್ಕಿಲ್ಲ ಅನ್ನೋ ಮಾತು ಹುಟ್ಟಿರೋದು. ನಂಗೂ ಎಷ್ಟೋ ವರ್ಷ ಒಳಗೊಳಗೇ ಹಂಗನ್ನಿಸ್ತಿತ್ತು, ಯಾರ ಹತ್ರಾನೂ ಹೇಳಿರ್ಲಿಲ್ಲ. ನೀನು ಹೇಳ್ದೆ, ಅದೊಂದು ನಂಗೆ ಧೈರ್ಯ.

ಫೈಲ್ ಮನೆಗೆ ತರೋದು ಮಾತ್ರ ನಿಲ್ಸು, ಇದೊಂದು ನನ್ನ ಮಾತು ನಡೆಸಿಕೊಡು. ಮುಂದಿನ ಮಂಗಳವಾರದ ಪುಟ ಸಂಜೆ ಫೋಟೋ ತೆಗ್ದು ಕಳ್ಸು, ಗೆರೆ ಹೊಡ್ದಿದ್ದು, ತಿದ್ದಿದ್ದು ಎಲ್ಲಾ ಇರ್ಲಿ, ನೀಟಾಗಿ ಕಾಪಿ ಮಾಡಿ ಕಳಿಸ್ಬೇಡ. ವಿಸಿ ಎಷ್ಟು ಹೊತ್ತಿಗೆ ಬಂತು ಅಂತಾನೂ ಬರ್ದಿರು, ನೋಡಿ ಆ ಬದಲಿ ಜಾಗ ಮೂರೂವರೆಗೇ ಇರಬೇಕೋ ನಾಲ್ಕಕ್ಕೆ ಸರಿಸ್ಬೇಕೋ ಫೋನಲ್ಲಿ ಮಾತಾಡೋಣ.

ಇಂತಿ,
ನಿನ್ನ ಅತ್ತೆ