ಐದು ಅಂಕ ಕೊಟ್ಟವರು ಕಾರಣವನ್ನೂ ಬರೆಯಲಿ: ನಮ್ಮ ಲೋಕಸಭಾ ಸದಸ್ಯರಿಗೊಂದು ಬಹಿರಂಗ ಪತ್ರ

ಮಾನ್ಯ ಸಂಸದರೇ,

ಬೆಂಗಳೂರಿನ ಕೇಂದ್ರ ಸರ್ಕಾರಿ ಕಚೇರಿಯೊಂದರಲ್ಲಿ ಅಧೀಕ್ಷಕನಾಗಿದ್ದು ನಿವೃತ್ತನಾದವನು ನಾನು. ಕೊನೆಯ ಹನ್ನೆರಡು ವರ್ಷ ನೌಕರರ ಸಂಘದಲ್ಲೂ ಇದ್ದೆ. ಸಹೋದ್ಯೋಗಿಗಳು ತಮ್ಮ ಎಪಿಎಆರ್ ಹಿಡಿದುಕೊಂಡು ಬಂದರೆ ಕೂತು ಮನವಿ ಬರೆದುಕೊಡುವುದು ಅಲ್ಲಿ ನನ್ನ ಪಾಲಿನ ಕೆಲಸವಾಗಿತ್ತು. ಅದೇ ವಾರ್ಷಿಕ ಕಾರ್ಯನಿರ್ವಹಣಾ ವರದಿ. ಹಳಬರು ಈಗಲೂ ಸಿಆರ್ ಅನ್ನುತ್ತಾರೆ. ಈ ಪತ್ರವನ್ನು ನಾನು ಬರೆಯುತ್ತಿರುವುದಕ್ಕೆ ಒಂದು ಕಾರಣವಿದೆ. ನೌಕರಿಯಲ್ಲಿ ಇರುವವರು ಈ ವಿಷಯ ಹಿಡಿದು ನಿಮ್ಮ ಮನೆ ಬಾಗಿಲಿಗೆ ಬರುವಂತಿಲ್ಲ. ಸೇವಾ ವಿಷಯಕ್ಕೆ ರಾಜಕೀಯ ಪ್ರಭಾವ ತಂದರೆ 1964ರ ನಡತೆ ನಿಯಮಗಳ 20ನೇ ನಿಯಮದಡಿ ಅದೇ ಬೇರೆ ಪ್ರಕರಣವಾಗುತ್ತದೆ. ನನಗೆ ಆ ತಡೆ ಈಗಿಲ್ಲ. ಒಬ್ಬರ ಪರವಾಗಿ ಶಿಫಾರಸು ಕೇಳುವುದಕ್ಕೂ ಬಂದಿಲ್ಲ. ನಿಯಮಗಳು ಬದಲಾಗಬೇಕೆಂದು ಕೇಳುತ್ತಿದ್ದೇನೆ.

ಎಪಿಎಆರ್‌ನಲ್ಲಿ ಒಂದರಿಂದ ಹತ್ತರವರೆಗೆ ಅಂಕ ಕೊಡುತ್ತಾರೆ. ಮಾಡಿದ ಕೆಲಸಕ್ಕೆ ಶೇ 40 ತೂಕ, ವೈಯಕ್ತಿಕ ಗುಣಗಳಿಗೆ ಶೇ 30, ಕಾರ್ಯಸಾಮರ್ಥ್ಯಕ್ಕೆ ಶೇ 30. ಒಟ್ಟು ಅಂಕ ಎಂಟು ಅಥವಾ ಅದಕ್ಕಿಂತ ಹೆಚ್ಚಿದ್ದರೆ ‘ಅತ್ಯುತ್ತಮ’, ಆರರಿಂದ ಎಂಟರೊಳಗೆ ‘ಬಹಳ ಒಳ್ಳೆಯದು’, ನಾಲ್ಕರಿಂದ ಆರರೊಳಗೆ ‘ಒಳ್ಳೆಯದು’. ‘ಒಳ್ಳೆಯದು’ ಅಂದರೆ ಕೇಳುವುದಕ್ಕೆ ಒಳ್ಳೆಯದೇ. ಆದರೆ ಏಳನೇ ವೇತನ ಆಯೋಗದ ಶಿಫಾರಸು ಒಪ್ಪಿ 2016ರ ಜುಲೈ 25ರಂದು ಸರ್ಕಾರ ಹೊರಡಿಸಿದ ನಿರ್ಣಯದಲ್ಲಿ ಎಂಎಸಿಪಿಗೆ ಬೇಕಾದ ಮಟ್ಟವನ್ನು ‘ಒಳ್ಳೆಯದು’ ಇದ್ದದ್ದನ್ನು ‘ಬಹಳ ಒಳ್ಳೆಯದು’ ಎಂದು ಏರಿಸಿದರು. ಬಡ್ತಿ ಸಿಗದೆ ಕೂತವರಿಗೆ 10, 20, 30 ವರ್ಷಕ್ಕೊಮ್ಮೆ ಮೇಲಿನ ವೇತನ ಮಟ್ಟ ಕೊಡುವ ಯೋಜನೆ ಅದು. ಅಂದಿನಿಂದ ಆರಕ್ಕಿಂತ ಕೆಳಗಿನ ಪ್ರತಿ ಅಂಕವೂ ಸಂಬಳಕ್ಕೆ ಬೀಳುವ ಏಟು.

ಇನ್ನು ಆ ಅಂಕವನ್ನು ಹೇಗೆ ಕೊಡುತ್ತಾರೆ ನೋಡಿ. ಒಂದು ಅಥವಾ ಎರಡು ಅಂಕ ಕೊಟ್ಟರೆ ನೌಕರನ ನಿರ್ದಿಷ್ಟ ವೈಫಲ್ಯಗಳನ್ನು ಬರೆದು ಸಮರ್ಥಿಸಬೇಕು, ಒಂಬತ್ತು ಅಥವಾ ಹತ್ತು ಕೊಟ್ಟರೆ ನಿರ್ದಿಷ್ಟ ಸಾಧನೆ ಬರೆಯಬೇಕು ಎಂದು ಸೂಚನೆ ಇದೆ. ನಡುವಿನ ಅಂಕಗಳಿಗೆ ಏನೂ ಬರೆಯಬೇಕಾಗಿಲ್ಲ. ಹಾಗಾಗಿ ಕೆಡಿಸಬೇಕೆಂದು ಹೊರಟವರು ಯಾರೂ ಎರಡು ಕೊಡುವುದಿಲ್ಲ, ಐದು ಕೊಡುತ್ತಾರೆ. ಎಂಎಸಿಪಿ ತಪ್ಪಿಸುವುದಕ್ಕೆ ಅಷ್ಟು ಸಾಕು, ಒಂದು ಸಾಲಿನ ಕಾರಣವನ್ನೂ ಯಾರೂ ಕೇಳುವುದಿಲ್ಲ. ನನ್ನ ದೂರೆಲ್ಲ ಇಲ್ಲಿಯೇ ಇದೆ.

2018ರ ಸೆಪ್ಟೆಂಬರಿನಲ್ಲಿ ನಮ್ಮದೇ ಕಚೇರಿಯ ಸಹಾಯಕಿಯೊಬ್ಬರು 2017-18ರ ವರದಿಯ ಪ್ರಿಂಟ್ ಹಿಡಿದು ಬಂದರು. ಒಟ್ಟು ಅಂಕ 5.6. ಆರು ತಿಂಗಳಲ್ಲಿ ಅವರ ಇಪ್ಪತ್ತು ವರ್ಷದ ಎಂಎಸಿಪಿ ಬರಬೇಕಿತ್ತು. ಜೊತೆಗೆ ಮೂರು ಪುಟದ ಮನವಿಯನ್ನೂ ಬರೆದು ತಂದಿದ್ದರು. ಹತ್ತೊಂಬತ್ತು ವರ್ಷ ಪ್ರಾಮಾಣಿಕವಾಗಿ ದುಡಿದದ್ದು, ಹಿಂದಿನ ಅಧಿಕಾರಿಗಳು ಕೊಟ್ಟ ಪ್ರಶಂಸಾ ಪತ್ರಗಳು, ಪಕ್ಕದ ಮೇಜಿನವರಿಗೆ ಏಳು ಬಂದದ್ದು, ಈ ಅಧಿಕಾರಿಗೆ ತಮ್ಮ ಮೇಲಿರುವ ಸಿಟ್ಟು, ಎಲ್ಲ ಅದರಲ್ಲಿತ್ತು. ಒಂದೂ ಸುಳ್ಳಲ್ಲ.

“ನೋಡಮ್ಮ, ಇದನ್ನೆಲ್ಲ ತೆಗೆದಿಡಿ” ಅಂದೆ.

“ಯಾಕೆ ಸರ್? ಇದೇ ಅಲ್ವಾ ನಿಜ?”

ನಿಜವೇ. ಆದರೆ ವರದಿ ಒಂದು ವರ್ಷದ್ದು. ಬೇರೆ ವರ್ಷದ ಪ್ರಶಂಸಾ ಪತ್ರ ಈ ವರ್ಷದ ಅಂಕವನ್ನು ಅಲುಗಿಸುವುದಿಲ್ಲ. ಪಕ್ಕದವರ ಅಂಕ ಅವರ ಕೆಲಸದ್ದು. ದ್ವೇಷದಿಂದ ಬರೆದರು ಎಂದು ಆರೋಪಿಸಿದರೆ ಅದನ್ನು ಸಾಬೀತು ಮಾಡುವ ಹೊಣೆ ನಮ್ಮ ತಲೆಗೇ ಬರುತ್ತದೆ, ಮುಂದೆ ನ್ಯಾಯಮಂಡಳಿಗೆ ಹೋದರೆ ಆ ಅಧಿಕಾರಿಯನ್ನು ಹೆಸರು ಹಿಡಿದು ಪ್ರತಿವಾದಿ ಮಾಡಬೇಕಾಗುತ್ತದೆ. ಹಿಂದಿನ ವರ್ಷಗಳ ಅಂಕ ಮಾತ್ರ ಒಮ್ಮೊಮ್ಮೆ ಕೆಲಸಕ್ಕೆ ಬರುತ್ತದೆ. ಮೇಲಿನ ದರ್ಜೆಯಿಂದ ಒಮ್ಮೆಲೇ ಕೆಳಗಿಳಿಸಿದರೆ ಕಾರಣ ದಾಖಲಾಗಬೇಕು ಎಂದು ಯು.ಪಿ. ಜಲ ನಿಗಮದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಇವರಿಗೆ ಹಿಂದಿನ ನಾಲ್ಕು ವರ್ಷವೂ ಏಳರ ಆಸುಪಾಸು ಇತ್ತು, ಆ ಒಂದು ಸಾಲನ್ನು ಉಳಿಸಿಕೊಂಡೆವು.

ಮೊದಲು ನಾನು ನೋಡುವುದು ತಾರೀಖುಗಳನ್ನು. ವರದಿ ಬರೆದವರ ಕೈಕೆಳಗೆ ನೌಕರ ಕನಿಷ್ಠ ಮೂರು ತಿಂಗಳು ಕೆಲಸ ಮಾಡಿರಬೇಕು. ಮಾರ್ಚ್‌ಗೆ ವರದಿಯ ವರ್ಷ ಮುಗಿದ ಮೇಲೆ ಜೂನ್ 30 ದಾಟಿದರೆ ಆ ಅಧಿಕಾರಿಗೆ ಬರೆಯುವ ಹಕ್ಕೇ ಇರುವುದಿಲ್ಲ. ಚಾರ್ಜ್ ವಹಿಸಿಕೊಂಡ ದಿನದ ಕಾಗದ ತೆಗೆಸಿದರೆ ಎಷ್ಟೋ ಪ್ರಕರಣ ಅಲ್ಲಿಯೇ ಮುಗಿಯುತ್ತವೆ. ಇವರದ್ದರಲ್ಲಿ ತಾರೀಖೆಲ್ಲ ಸರಿಯಾಗಿತ್ತು.

ಆಮೇಲೆ ವರದಿಯ ಒಂದು ಭಾಗವನ್ನು ಇನ್ನೊಂದು ಭಾಗದ ಎದುರಿಗೇ ಇಟ್ಟು ಓದಿದೆವು. ಆ ವರ್ಷ ಅವರಿಗೆ ಒಪ್ಪಿಸಿದ್ದು ಪಿಂಚಣಿ ಪರಿಷ್ಕರಣೆಯ ಕಡತಗಳು. ಗುರಿ 420, ಮುಗಿಸಿದ್ದು 438 ಎಂದು ಸ್ವಯಂ ಮೌಲ್ಯಮಾಪನದಲ್ಲಿ ಬರೆದಿದ್ದರು. ನೌಕರ ಬರೆದದ್ದನ್ನು ಒಪ್ಪುತ್ತೀರಾ ಎಂದು ನಮೂನೆಯಲ್ಲಿ ವರದಿ ಬರೆಯುವ ಅಧಿಕಾರಿಯನ್ನು ಕೇಳುವ ಕಾಲಂ ಇದೆ. ಅಲ್ಲಿ ಆ ಅಧಿಕಾರಿ ‘ಒಪ್ಪುತ್ತೇನೆ’ ಎಂದೇ ಬರೆದಿದ್ದರು. ಒಪ್ಪಿಸಿದ ಕೆಲಸ ಪೂರೈಸಿದ್ದಕ್ಕೆ ಏಳು ಅಂಕವನ್ನೂ ಕೊಟ್ಟಿದ್ದರು. ಕೆಲಸದ ಭಾಗದ ಸರಾಸರಿ 6.5. ಪುಟ ತಿರುವಿದರೆ ವೈಯಕ್ತಿಕ ಗುಣಗಳಲ್ಲಿ ‘ಕಾಲಮಿತಿ ಪಾಲಿಸುವ ಸಾಮರ್ಥ್ಯ’ಕ್ಕೆ ನಾಲ್ಕು, ‘ಜವಾಬ್ದಾರಿ ಪ್ರಜ್ಞೆ’ಗೆ ನಾಲ್ಕು, ಮುಂದೆ ‘ನಿಯಮಗಳ ಜ್ಞಾನ’ಕ್ಕೆ ಐದು. ಆ ಎರಡೂ ಭಾಗದ ಸರಾಸರಿ ಐದಕ್ಕೇ ನಿಂತಿತ್ತು. 438 ಪಿಂಚಣಿ ಕಡತಗಳನ್ನು ಗುರಿ ಮೀರಿ ಮುಗಿಸಿದವರಿಗೆ ಕಾಲಮಿತಿ ಗೊತ್ತಿಲ್ಲ, ನಿಯಮವೂ ಅಷ್ಟಕ್ಕಷ್ಟೇ ಎಂದ ಹಾಗಾಯಿತು.

ಲೆಕ್ಕವನ್ನೂ ಕೂಡಿ ನೋಡಿದೆವು. 6.5ರ ಶೇ 40 ಅಂದರೆ 2.6. ಐದರ ಶೇ 30ರಂತೆ ಎರಡು ಸಲ 1.5. ಒಟ್ಟು 5.6. ಆ ಎರಡು ಭಾಗಗಳ ಸರಾಸರಿ ಐದರ ಬದಲು 5.75 ಆಗಿದ್ದರೆ ಒಟ್ಟು 6.05 ಆಗುತ್ತಿತ್ತು. ಆದ್ದರಿಂದ ಇಡೀ ವರದಿ ತಪ್ಪು ಎಂದು ನಾವು ವಾದಿಸಲೇ ಇಲ್ಲ. ಐದೇ ಐದು ಅಂಶ ಆರಿಸಿ, ಒಂದೊಂದರ ಎದುರಿಗೆ ಅದೇ ವರ್ಷ ಹುಟ್ಟಿದ ಒಂದೊಂದು ಕಾಗದ ಇಟ್ಟೆವು. ಕಾಲಮಿತಿಯ ಎದುರಿಗೆ ಹನ್ನೆರಡು ಮಾಸಿಕ ಬಾಕಿ ಪಟ್ಟಿಗಳು ಬಂದವು. ಅವುಗಳಲ್ಲಿ ಗಡುವು ಮೀರಿದ ಕಡತಗಳ ಕಾಲಂನಲ್ಲಿ ಸೊನ್ನೆ ಇತ್ತು, ಕೆಳಗೆ ಅದೇ ಅಧಿಕಾರಿಯ ಸಹಿ ಇತ್ತು. ನಿಯಮಜ್ಞಾನದ ಎದುರಿಗೆ ಇವರು ಬರೆದ ಟಿಪ್ಪಣಿಗಳ ಮೇಲೆ ಒಂದು ತಿದ್ದುಪಡಿಯೂ ಇಲ್ಲದೆ ಅನುಮೋದನೆಯಾದ ಆರು ಪುಟ. ವರ್ಷವಿಡೀ ಒಂದು ಮೆಮೊ ಆಗಲಿ, ಮೌಖಿಕ ಎಚ್ಚರಿಕೆ ಕೊಟ್ಟ ಟಿಪ್ಪಣಿಯಾಗಲಿ ಇದ್ದರೆ ಅದರ ಪ್ರತಿ ಕೊಡಿ ಎಂದು ಕೊನೆಯಲ್ಲಿ ಕೇಳಿದೆವು. ಅಂಥದ್ದೇನೂ ಇರಲಿಲ್ಲ. ಬಣ್ಣನೆಯ ಮಾತಿಲ್ಲದೆ ಮನವಿ ಒಂದೂವರೆ ಪುಟಕ್ಕೆ ಇಳಿಯಿತು. ವರದಿ ಕೈಗೆ ಬಂದ ದಿನದಿಂದ ಹದಿನೈದು ದಿನದೊಳಗೆ ಕೊಡಬೇಕು. ಹನ್ನೆರಡನೇ ದಿನ ಕೊಟ್ಟು ಸ್ವೀಕೃತಿ ಪಡೆದೆವು.

ಸಕ್ಷಮ ಪ್ರಾಧಿಕಾರ ಮೂವತ್ತು ದಿನದಲ್ಲಿ ತೀರ್ಮಾನ ಕೊಡಬೇಕು ಎಂದು ಸಿಬ್ಬಂದಿ ಮತ್ತು ತರಬೇತಿ ಇಲಾಖೆಯ 2009ರ ಮೇ 14ರ ಆದೇಶ ಹೇಳುತ್ತದೆ. ಉತ್ತರ ಬಂದದ್ದು ಎಂಟು ತಿಂಗಳಿಗೆ. ‘ಮನವಿಯನ್ನು ಕೂಲಂಕಷವಾಗಿ ಪರಿಶೀಲಿಸಲಾಗಿದೆ, ಅಂಕ ಬದಲಿಸಲು ಕಾರಣ ಕಂಡುಬಂದಿಲ್ಲ.’ ಅಷ್ಟೇ. ನಾವಿಟ್ಟ ಐದು ಅಂಶಗಳಲ್ಲಿ ಒಂದರ ಹೆಸರೂ ಅದರಲ್ಲಿರಲಿಲ್ಲ. ಅಷ್ಟರಲ್ಲಿ ಪರಿಶೀಲನಾ ಸಮಿತಿ ಕೂತು ‘ನಿಗದಿತ ಮಟ್ಟ ತಲುಪಿಲ್ಲ’ ಎಂದು ಅವರ ಎಂಎಸಿಪಿಯನ್ನು ಮುಂದೂಡಿತ್ತು.

ಒಂದೇ ಸಾಲಿನ ಆ ಉತ್ತರವೇ ಕೊನೆಗೆ ನಮ್ಮ ಬಹುದೊಡ್ಡ ಸಾಕ್ಷಿಯಾಯಿತು. ಕೇಂದ್ರ ಆಡಳಿತ ನ್ಯಾಯಮಂಡಳಿ ತಾನೇ ಕೂತು ಅಂಕ ತಿದ್ದಿಕೊಡುವುದಿಲ್ಲ, ಇದನ್ನು ತಿಳಿಯದೆ ಹೋಗಿ ನಿರಾಸೆಪಟ್ಟವರನ್ನು ಬಹಳ ಕಂಡಿದ್ದೇನೆ. ಅದು ನೋಡುವುದು ತೀರ್ಮಾನ ಕೈಗೊಂಡ ರೀತಿಯನ್ನು. ಅಂತಿಮ ಆದೇಶ ಬಂದ ಒಂದು ವರ್ಷದೊಳಗೆ ಹೋಗಬೇಕು. ಮನವಿಗೆ ಉತ್ತರವೇ ಬರದಿದ್ದರೆ ಆರು ತಿಂಗಳು ಕಾದು, ಅಲ್ಲಿಂದ ಒಂದು ವರ್ಷದೊಳಗೆ. ಇವರು ಹೋದರು. ಕಾರಣ ಕೊಡದ ಆದೇಶವನ್ನು ಮಂಡಳಿ ರದ್ದು ಮಾಡಿ, ಪ್ರತಿ ಅಂಶಕ್ಕೂ ಉತ್ತರ ಕೊಟ್ಟು ಹೊಸದಾಗಿ ತೀರ್ಮಾನಿಸಿ ಎಂದು ಪ್ರಾಧಿಕಾರಕ್ಕೇ ಹಿಂತಿರುಗಿಸಿತು. ಕಾರಣ ಬರೆಯಲೇಬೇಕಾದಾಗ ಬರೆಯುವುದಕ್ಕೆ ಅವರಲ್ಲಿ ಏನೂ ಇರಲಿಲ್ಲ. ಅಂಕ 6.2ಕ್ಕೆ ಏರಿತು. ಸಲ್ಲಬೇಕಾಗಿದ್ದ ದಿನದಿಂದಲೇ ಎಂಎಸಿಪಿ ಕೊಟ್ಟರು, ಬಾಕಿ ಹಣವೂ ಬಂತು. ಅದಕ್ಕೆ ಎರಡು ವರ್ಷದ ಮೇಲಾಯಿತು, ವಕೀಲರ ಫೀಸಿಗೆ ಅವರು ಬಳೆ ಅಡವಿಟ್ಟಿದ್ದರು.

ಸಂಸದರೇ, ಇಷ್ಟು ನಡೆಯಲು ಸಾಧ್ಯವಾದದ್ದಾದರೂ ಹಿಂದೆ ಒಬ್ಬರು ಕಾದಾಡಿದ್ದರಿಂದ. ಗಡಿ ರಸ್ತೆಗಳ ಎಂಜಿನಿಯರಿಂಗ್ ಸೇವೆಯ ದೇವ್ ದತ್ ಅವರಿಗೆ 1993-94ರಲ್ಲಿ ‘ಒಳ್ಳೆಯದು’ ಎಂದು ಬರೆದು, ಅದನ್ನು ಅವರಿಗೆ ತಿಳಿಸದೆ, ‘ಬಹಳ ಒಳ್ಳೆಯದು’ ಬೇಕಾಗಿದ್ದ ಬಡ್ತಿಯನ್ನು ತಪ್ಪಿಸಿದ್ದರು. ಅವರು ನಿವೃತ್ತರಾದ ಮೇಲೆ, 2008ರಲ್ಲಿ, ಪ್ರತಿಯೊಂದು ನಮೂದನ್ನೂ ನೌಕರನಿಗೆ ತಿಳಿಸಲೇಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. 2013ರ ಸುಖದೇವ್ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನೇ ಖಚಿತಪಡಿಸಿತು. ಹಾಗಾಗಿ ಇಂದು ಅಂಕ ಕಣ್ಣಿಗೆ ಕಾಣುತ್ತದೆ. ಕಾರಣ ಮಾತ್ರ ಇನ್ನೂ ಕಾಣುವುದಿಲ್ಲ.

ನಿಮ್ಮಿಂದ ನನಗೆ ಬೇಕಾದದ್ದು ಎರಡು. ಒಂದು ಮತ್ತು ಎರಡಕ್ಕೆ ಇರುವ ಕಾರಣದ ಷರತ್ತನ್ನು ಆರಕ್ಕಿಂತ ಕಡಿಮೆಯ ಪ್ರತಿ ಅಂಕಕ್ಕೂ ವಿಸ್ತರಿಸಬೇಕು. ಆನ್‌ಲೈನ್ ನಮೂನೆಯಲ್ಲಿ ಕಾರಣದ ಕಾಲಂ ಖಾಲಿ ಇದ್ದರೆ ವರದಿ ಮುಂದಕ್ಕೆ ಹೋಗದಂತೆ ಮಾಡಿದರೆ ಸಾಕು. ಎರಡನೆಯದು ಆ ಮೂವತ್ತು ದಿನದ ಗಡುವು. ಹದಿನೈದು ದಿನ ದಾಟಿದ ನೌಕರ ಹಕ್ಕು ಕಳೆದುಕೊಳ್ಳುತ್ತಾನೆ, ಜೂನ್ 30 ದಾಟಿಸಿದ ಅಧಿಕಾರಿಯೂ ಕಳೆದುಕೊಳ್ಳುತ್ತಾನೆ. ಮನವಿಯನ್ನು ಎಂಟು ತಿಂಗಳು ಮೇಜಿನ ಮೇಲಿಟ್ಟ ಪ್ರಾಧಿಕಾರಕ್ಕೆ ಏನೂ ಆಗುವುದಿಲ್ಲ. ಮನವಿ ಬಾಕಿ ಇರುವವರೆಗೆ ಆ ವರ್ಷದ ಅಂಕವನ್ನು ಬಡ್ತಿ ಸಮಿತಿಯಾಗಲಿ ಎಂಎಸಿಪಿ ಸಮಿತಿಯಾಗಲಿ ಲೆಕ್ಕಕ್ಕೆ ಹಿಡಿಯಬಾರದು ಎಂದು ಆದೇಶವಾಗಲಿ.

ಮುಂದಿನ ಅಧಿವೇಶನದಲ್ಲಿ ಇದರ ಬಗ್ಗೆ ಒಂದು ಲಿಖಿತ ಪ್ರಶ್ನೆ ಹಾಕಿ: ಕಳೆದ ಐದು ವರ್ಷದಲ್ಲಿ ಕೇಂದ್ರ ಕಚೇರಿಗಳಿಗೆ ಬಂದ ಎಪಿಎಆರ್ ಮನವಿಗಳೆಷ್ಟು, ಅವುಗಳಲ್ಲಿ ಮೂವತ್ತು ದಿನದೊಳಗೆ ಕಾರಣಸಹಿತ ಆದೇಶ ಸಿಕ್ಕಿದ್ದು ಎಷ್ಟಕ್ಕೆ? ಆ ಸಹಾಯಕಿಯ ವರದಿ, ಒಂದೂವರೆ ಪುಟದ ಮನವಿ ಮತ್ತು ಆ ಒಂದು ಸಾಲಿನ ಉತ್ತರದ ಪ್ರತಿಗಳನ್ನು ಅವರ ಒಪ್ಪಿಗೆ ಪಡೆದು, ಹೆಸರು ಮರೆಮಾಡಿ, ನಿಮ್ಮ ಕಚೇರಿಗೆ ತಲುಪಿಸುತ್ತೇನೆ.

ನಮಸ್ಕಾರಗಳೊಂದಿಗೆ,
ಒಬ್ಬ ನಿವೃತ್ತ ಅಧೀಕ್ಷಕ, ಬೆಂಗಳೂರು