ಶನಿವಾರದ 60 ಸೆಕೆಂಡ್ ಪಿಚ್ ಬಗ್ಗೆ

ಎಲ್ರಿಗೂ ನಮಸ್ಕಾರ, ಶನಿವಾರ ಬೆಳಗ್ಗೆ 10ಕ್ಕೆ ಪ್ರಾಕ್ಟೀಸ್ ಇದೆ, ಪಿಚ್ ಮಾಡೋ ಆರೂ ಟೀಮ್‌ನವ್ರು ಸ್ಕ್ರಿಪ್ಟ್ ಬರ್ಕೊಂಡು ಬನ್ನಿ, ಸ್ಲೈಡ್ ಇರಲ್ಲ, ಬರೀ ಮಾತು.

ನಿಮ್ಮ ಡೆಕ್‌ನ ಒಂದೊಂದು ಸ್ಲೈಡಿಗೆ ಒಂದೊಂದು ಸಾಲು ಅಂತ ಸ್ಕ್ರಿಪ್ಟ್ ಬರೀಬೇಡಿ ದಯವಿಟ್ಟು, ಹೋದ್ಸಲ ನಾನು 22 ಸ್ಲೈಡನ್ನೂ ಹಂಗೇ ತುರುಕಿ ಮಾರ್ಕೆಟ್ ಸೈಜ್ ಹೇಳೋಷ್ಟ್ರಲ್ಲಿ ಬೆಲ್ ಹೊಡೀತು, ನಾವು ಮಾಡೋದೇನು ಅಂತ್ಲೇ ಯಾರಿಗೂ ಗೊತ್ತಾಗ್ಲಿಲ್ಲ 😅 ಡೆಕ್ ಮುಚ್ಚಿಟ್ಟು ನೆನಪಿಂದ ಬರೀರಿ: ಯಾರಿಗೆ ಏನು ತೊಂದ್ರೆ, ನೀವೇನು ಮಾಡ್ತೀರಿ, ಇಲ್ಲೀವರೆಗೆ ಏನಾಗಿದೆ ಅನ್ನೋಕೆ ಒಂದೇ ನಂಬರ್, ಕೊನೇಲಿ ನಿಮಗೇನು ಬೇಕು.

ನಮ್ದು ಈಗ ಹಿಂಗೆ ಶುರುವಾಗತ್ತೆ: "ಮಧ್ಯಾಹ್ನ ಕಿತ್ತ ಸೇವಂತಿಗೆ ಬೆಳಗ್ಗೆ ಮಾರ್ಕೆಟ್ಟಿಗೆ ಹೋಗೋಷ್ಟ್ರಲ್ಲಿ ಬಾಡೋಕೆ ಶುರುವಾಗಿರತ್ತೆ, ರೈತರು ಸಿಕ್ಕಿದ ರೇಟಿಗೆ ಕೊಟ್ಟು ಬರ್ತಾರೆ. ನಾವು ಊರಲ್ಲೇ ಸಣ್ಣ ಕೋಲ್ಡ್ ರೂಮ್ ಇಟ್ಟು, ಕ್ರೇಟಿಗಿಷ್ಟು ಅಂತ ದಿನದ ಬಾಡಿಗೆಗೆ ಕೊಡ್ತೀವಿ." ಟೀಮ್, ಕಾಂಪಿಟಿಷನ್, ಐದು ವರ್ಷದ ಲೆಕ್ಕ ಎಲ್ಲಾ ಬಿಟ್ವಿ, ಕೇಳಿದ್ರೆ ಹೇಳೋಣ.

ಕನ್ನಡದಲ್ಲಿ ಪದ ಉದ್ದ, 100 ದಾಟಿದ್ರೆ ಓಡಿಸ್ಬೇಕಾಗತ್ತೆ. ಮೊಬೈಲಲ್ಲಿ ರೆಕಾರ್ಡ್ ಮಾಡಿ ನೋಡಿ, 55 ಸೆಕೆಂಡಿಗೆ ಮುಗೀಲಿ. ಮನೇಲಿ ಯಾರಿಗಾದ್ರೂ ಒಂದೇ ಸಲ ಕೇಳ್ಸಿ, ನಾವೇನು ಮಾಡ್ತೀವಿ ಹೇಳಿ ಅನ್ನಿ, ಅವ್ರು ತಡವರಿಸಿದ್ರೆ ಎರಡನೇ ಸಾಲು ತಿದ್ದಿ.

ಆಡಿಯೋ ಶುಕ್ರವಾರ ರಾತ್ರಿ 9ರೊಳಗೆ ಇಲ್ಲೇ ಹಾಕಿ, ಬರೋಕಾಗದೇ ಇರೋರು ಇವತ್ತೇ ಒಂದು ಮೆಸೇಜ್ ಹಾಕ್ಬಿಡಿ.