ಅಂಗಡಿ ಗಿಂಗಡಿ

ಸುಮಾ,

ಭಾನುವಾರ ನೀನು ಫೋನ್ ಇಟ್ಟ ಮೇಲೆ ನಾನು ಮತ್ತೆ ಮಾಡಲಿಲ್ಲ. ಮಾಡಿದ್ದರೆ ಮಾತಿಗೆ ಮಾತು ಬೆಳೆಯುತ್ತಿತ್ತು. ಅಹನಾ ಕ್ಲಾಸಿನ ವಿನಯನನ್ನು ಹೆಸರು ತಿರುಚಿ ರೇಗಿಸಿದಳೆಂದು ಟೀಚರ್ ಅವಳ ಡೈರಿಯಲ್ಲಿ ಬರೆದು ಕಳಿಸಿದ್ದಕ್ಕೆ ನಾನೇ ಕಾರಣ ಅಂದೆಯಲ್ಲ, ಹೌದು. ಏಪ್ರಿಲ್ ರಜೆಯಲ್ಲಿ ಜಗಲಿ ಮೇಲೆ ಕೂರಿಸಿಕೊಂಡು ಹೆಸರಿಗೆ 'ಗಿ' ಹಚ್ಚುವುದನ್ನು ಕಲಿಸಿದವಳು ನಾನೇ. ಅದು ಕೊನೆಗೆ ಕ್ಲಾಸಿನ ಯಾವುದಾದರೂ ವಿನಯನ ತಲೆ ಮೇಲೆ ಬೀಳುತ್ತದೆಂದು ಗೊತ್ತಿರಲಿಲ್ಲ ಅಂದರೆ ಸುಳ್ಳಾಗುತ್ತದೆ.

ಆದರೂ ಅವಳು ಕಲಿತ ಚಂದ ನೀನು ನೋಡಬೇಕಿತ್ತು. ಮೊದಲಕ್ಷರ ತೆಗೆದು 'ಗಿ' ಹಾಕು ಅಂದೆ, ಅಷ್ಟೇ. ಕಮಲ ಗಿಮಲ ಆದಳು. ರಾಧಾ ಬಂದಾಗ ಅವಳೇ 'ಗೀಧಾ' ಎಂದು ಎಳೆದಳು. ದೀರ್ಘಕ್ಕೆ ದೀರ್ಘವೇ ಬರಬೇಕೆಂದು ನಾನು ಹೇಳಿರಲಿಲ್ಲ. ಮನೆಗಿನೆ, ಕಾಫಿಗೀಫಿ ಅಂತ ನಾವು ಆಡುವುದು ಕಿವಿಗೆ ಬಿದ್ದಿತ್ತಲ್ಲ, ಸಾಕಾಗಿತ್ತು. ಸೀತಾ ಗೀತಾ ಆದಾಗ ಮುಖ ಸಪ್ಪಗಾಯಿತು, ಒಳ್ಳೆಯ ಹೆಸರೇ ಸಿಕ್ಕಿಬಿಟ್ಟಿತು ಅಂತ. ಗಿರಿಜಾ ಮಾತ್ರ ಗಿರಿಜಾಳೇ ಉಳಿದಳು. "ಅಜ್ಜಿ, ಹಂಗಾದ್ರೆ ಅವಳನ್ನ ರೇಗಿಸಕ್ಕೇ ಆಗಲ್ವಾ?" ಅಂದಳು. 28 ವರ್ಷ ವ್ಯಾಕರಣ ಪಾಠ ಮಾಡಿದೆ, ಯಾವ ಮಗುವೂ ಇಂಥ ಪ್ರಶ್ನೆ ಕೇಳಿರಲಿಲ್ಲ.

ಇರಲಿ. ಶಾಂತಾಳ ವಿಷಯ ನಿನಗೆ ಯಾವತ್ತೂ ಹೇಳಿಲ್ಲ. ನಾನು ಐದನೇ ಕ್ಲಾಸಿನಲ್ಲಿದ್ದಾಗ ಪಕ್ಕದಲ್ಲಿ ಕೂರುತ್ತಿದ್ದವಳು.

ಶಾಂತಾ ಗೀಂತಾ ಬಂದ್ಲಪ್ಪಾ
ತಂತಿ ಮೇಲೆ ನಿಂತ್ಲಪ್ಪಾ

ಇದು ನಾನು ಕಟ್ಟಿದ್ದು. ಚಪ್ಪಾಳೆ ತಟ್ಟಿ ನೋಡು, ಸಾಲಿಗೆ ನಾಲ್ಕೇ ಪೆಟ್ಟು. ಶಾಂತಾ, ಗೀಂತಾ, ಬಂದ್ಲಪ್, ಕೊನೆಗೆ ಪಾ. ಪೆಟ್ಟಿಗೆ ನಾಲ್ಕು ಮಾತ್ರೆ. ಕೊನೆಯ ಪೆಟ್ಟಿನಲ್ಲಿ ಎರಡು ಮಾತ್ರೆ ಖಾಲಿ, ಉಸಿರು ತೆಗೆದುಕೊಳ್ಳಲು, ನಗಲು. ಪುಸ್ತಕದ ಲೆಕ್ಕದಲ್ಲಿ 'ತಂತಿ'ಗೂ 'ಮೇಲೆ'ಗೂ ಮೂರು ಮೂರೇ ಮಾತ್ರೆ, ಆದರೆ ಕೂಗುವಾಗ ಯಾವ ಮಗುವೂ 'ತಂತೀ ಮೇಲೇ' ಎಂದು ಎಳೆಯದೆ ಬಿಡುವುದಿಲ್ಲ. ಎರಡೂ ಸಾಲಿನ ಎರಡನೇ ಅಕ್ಷರ ತಕಾರ. ಆದಿಪ್ರಾಸ ಅನ್ನುವ ಪದ ನಾನು ಕೇಳಿದ್ದು ಅದಾಗಿ ಎಷ್ಟೋ ವರ್ಷಕ್ಕೆ. ಈ ನಾಲ್ಕು ಪೆಟ್ಟು ನಮ್ಮದೊಂದೇ ಅಲ್ಲ ಕಣೇ. 1966ರಲ್ಲಿ ರಾಬಿನ್ಸ್ ಬರ್ಲಿಂಗ್ ಅನ್ನುವ ಅಮೆರಿಕದ ವಿದ್ವಾಂಸ ಇಂಗ್ಲಿಷ್, ಚೀನೀ ಮಕ್ಕಳ ಪದ್ಯಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಅಲ್ಲೂ ಅದೇ ಕಂಡಿತ್ತು. ನೋಡು, ಪತ್ರ ಅಂತ ಕೂತು ಪಾಠ ಶುರು ಮಾಡಿದೆ.

ಶಾಂತಾ ಸುಮ್ಮನಿರುವವಳಲ್ಲ. ಮರುದಿನವೇ ತಂದಳು:

ವನಜಾ ಗಿನಜಾ ಓಡ್ಬಂದ್ಲು
ತಿನ್ನೋ ಬೆಲ್ಲ ಕದ್ಬಂದ್ಲು

ತಾಳ ಒಂದಿಷ್ಟೂ ತಪ್ಪಿರಲಿಲ್ಲ. ಹಾಗೆ ವಾರಗಟ್ಟಲೆ ನಡೆಯಿತು. ನಮ್ಮಲ್ಲಿ ಕಟ್ಟಳೆ ಯಾರೂ ಬರೆದಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ಪದ್ಯಕ್ಕೆ ಪದ್ಯದಲ್ಲೇ ಉತ್ತರ. 'ಟೈಂ ಪ್ಲೀಸ್' ಅಂದರೆ ಬಾಯಿ ಮುಚ್ಚಬೇಕು. ಹೆಸರಿಗೆ ಏನಾದರೂ ಹಚ್ಚು, ಮನೆಯ ಸುದ್ದಿ ತರಬೇಡ.

ಆ ವರ್ಷ ಅವರಪ್ಪನ ದಿನಸಿ ಅಂಗಡಿಗೆ ಸಾಲದವರು ಬೀಗ ಹಾಕಿಸಿದರು. ನನಗೆ ಎರಡು ದಿನದಿಂದ ಉತ್ತರ ಹೊಳೆದಿರಲಿಲ್ಲ, ಸೋಲುತ್ತಿದ್ದೆ. ಮಧ್ಯಾಹ್ನ ನಲ್ಲಿ ಹತ್ತಿರ ಎಲ್ಲರೂ ಇದ್ದಾಗ ಕೂಗಿದೆ:

ಅಂಗಡಿ ಗಿಂಗಡಿ ಮುಚ್ಚೋಯ್ತು

ನಾಲ್ಕು ಪೆಟ್ಟು. ಒಂದು ಮಾತ್ರೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಬರೆಯುವಾಗ ಈಗಲೂ ಬೆರಳು ತಾಳ ಹಾಕುತ್ತಿದೆ, ಅದೇ ನನಗೆ ಅಸಹ್ಯ. ಹುಡುಗಿಯರು ಒಂದೇ ಸಲಕ್ಕೆ ಹಿಡಿದುಕೊಂಡರು. ಶಾಂತಾ ಹಾಡಲಿಲ್ಲ. "ನಮ್ಮಪ್ಪನ ಸುದ್ದಿ ಯಾಕೆ ಎತ್ತಿದೆ?" ಅಂದಳು. ಬರೀ ಮಾತು. ಪ್ರಾಸವಿಲ್ಲ, ಪೆಟ್ಟಿಲ್ಲ. ಪದ್ಯ ಬಿಟ್ಟು ಮಾತಾಡಿದವರು ಸೋತಂತೆ ಅಂತ ನಮ್ಮ ಲೆಕ್ಕ. ನಾನು ಗೆದ್ದೆ ಅಂದುಕೊಂಡೆ. ಅವಳು ಆಟ ಬಿಟ್ಟು ಆಚೆ ನಿಂತಿದ್ದಾಳೆಂದು ನನ್ನ ಕಿವಿಗೆ ಕೇಳಿಸಲಿಲ್ಲ. ನಾವು ಇನ್ನೂ ಹತ್ತು ಸಲ ಕೂಗಿದೆವು. ಹತ್ತೋ, ಇಪ್ಪತ್ತೋ. ಅವಳು ಕೊಡ ತುಂಬಿಸುವವಳ ಹಾಗೆ ನಲ್ಲಿಯನ್ನೇ ನೋಡುತ್ತಿದ್ದಳು. ಕೈಯಲ್ಲಿ ಕೊಡವೇ ಇರಲಿಲ್ಲ. ದಸರಾ ರಜೆ ಮುಗಿಸಿ ಬಂದಾಗ ಅವರ ಮನೆ ಖಾಲಿಯಾಗಿತ್ತು.

ಅದಕ್ಕೇ ಅಹನಾಳನ್ನು ಬಯ್ಯುವ ಮೊದಲು ಒಂದು ಕೇಳು. ವಿನಯ ಏನಂದ? ಅವನೂ ತಿರುಗಿಸಿ 'ಅಹನಾ ಗಿಹನಾ' ಅಂತ ತಾಳಕ್ಕೆ ಕೂಗಿದ್ದರೆ ಟೀಚರಿಗೆ ಸಮಾಧಾನ ಹೇಳಿ ಬಾ. ಅವನು ಸುಮ್ಮನಾಗಿದ್ದರೆ, ಇಲ್ಲಾ ಬರೀ ಮಾತಲ್ಲಿ ಏನಾದರೂ ಅಂದಿದ್ದರೆ, ಆ ಮಾತು ಏನೆಂದು ಅವಳ ಬಾಯಿಂದಲೇ ಹೇಳಿಸು. ಬಯ್ಯಬೇಡ, ಹೇಳಿಸು. 'ಗಿ' ಕಲಿಸಿದವಳು ಕಟ್ಟಳೆ ಕಲಿಸದೆ ಕಳಿಸಿದೆ, ಅದು ನನ್ನ ತಪ್ಪು. ಫೋನಿನಲ್ಲಿ ಒಪ್ಪಿಕೊಳ್ಳಲಿಲ್ಲ, ಈಗ ಒಪ್ಪಿದ್ದೇನೆ.

ಈ ಭಾನುವಾರ ಫೋನ್ ಅವಳ ಕೈಗೆ ಕೊಡು. ಶಾಂತಾಳ ವಿಷಯ ನಾನೇ ಹೇಳುತ್ತೇನೆ, ನೀನು ಹೇಳಬೇಡ.

ಅಮ್ಮ